ಒಂದು ಲೀಟರ್ ಹಾಲು, ನಾಲ್ಕು ಲೆಕ್ಕ

ತೂಕ ಇಳಿಸಲು ಹೊರಟವರ ಮೊಬೈಲಿನಲ್ಲಿ ಈಗ ಊಟದ ಲೆಕ್ಕ ಇಡುವ ಆ್ಯಪ್ ಒಂದು ಇದ್ದೇ ಇರುತ್ತದೆ. ತಿಂದದ್ದನ್ನೆಲ್ಲ ಅದಕ್ಕೆ ಹೇಳುತ್ತ ಹೋದರೆ ರಾತ್ರಿ ಮಲಗುವ ಹೊತ್ತಿಗೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಎಂದು ಒಪ್ಪಿಸುತ್ತದೆ. ಜಿಮ್ ಸೇರಿರುವ ನನ್ನ ಸೋದರಳಿಯ ಊಟದ ಕೊನೆಗೆ ಕುಡಿದ ಮಜ್ಜಿಗೆಯನ್ನೂ ಬಿಡದೆ ಅದರೊಳಗೆ ಬರೆದ. ಇಂಗ್ಲಿಷಿನಲ್ಲಿ ‘ಬಟರ್‌ಮಿಲ್ಕ್, ಒಂದು ಕಪ್’ ಎಂದು ಹುಡುಕಿದರೆ 8 ಗ್ರಾಂ ಪ್ರೋಟೀನ್ ಎಂದು ಬಂತು. ‘ಮಾವ, ಒಂದು ಮೊಟ್ಟೆಗಿಂತ ಒಂದು ಲೋಟ ಮಜ್ಜಿಗೇಲೇ ಪ್ರೋಟೀನ್ ಜಾಸ್ತಿ ಇದೆಯಂತೆ!’ ಎಂದು ಅವನು ಖುಷಿಪಟ್ಟ. ಅವನ ಕೈಯಲ್ಲಿದ್ದ ಲೋಟದಲ್ಲಿ ಇದ್ದದ್ದು ಹೆಚ್ಚೆಂದರೆ 2 ಗ್ರಾಂ.

ಆ್ಯಪ್ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಅಮೆರಿಕದ ಬಟರ್‌ಮಿಲ್ಕ್‌ನ ಲೆಕ್ಕ. ಅಲ್ಲಿ ಆ ಹೆಸರಿನಲ್ಲಿ ಮಾರುವುದು ಕೊಬ್ಬು ಕಡಿಮೆ ಮಾಡಿದ ಹಾಲಿಗೆ ಹೆಪ್ಪು ಹಾಕಿ ಹುಳಿ ಬರಿಸಿದ ಮಂದವಾದ ದ್ರವವನ್ನು. ಅದಕ್ಕೆ ನೀರು ಬೆರೆಸುವುದಿಲ್ಲ. ಹಾಲಿನಲ್ಲಿದ್ದ ಪ್ರೋಟೀನ್ ಅಷ್ಟೂ ಅದರಲ್ಲಿ ಹಾಗೇ ಉಳಿದಿರುತ್ತದೆ, 100 ಗ್ರಾಮಿಗೆ 3.3 ಗ್ರಾಂ ಆಸುಪಾಸು. ನಾವು ಊಟಕ್ಕೆ ಬಡಿಸಿಕೊಳ್ಳುವ ಮಜ್ಜಿಗೆ ಬೇರೆಯೇ ಪದಾರ್ಥ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಆಹಾರ ಕೋಷ್ಟಕ ನಮ್ಮ ಮಜ್ಜಿಗೆಗೆ 100 ಗ್ರಾಮಿಗೆ 0.8 ಗ್ರಾಂ ಪ್ರೋಟೀನ್ ಎಂದು ಬರೆದುಕೊಂಡಿದೆ. ಅದೇ ಕೋಷ್ಟಕದಲ್ಲಿ ಹಸುವಿನ ಹಾಲಿನ ಮೊಸರಿಗೆ 3.1 ಗ್ರಾಂ. ಎರಡನ್ನೂ ಭಾಗಿಸಿ ನೋಡಿದರೆ ಮಜ್ಜಿಗೆ ಹೇಗೆ ತಯಾರಾಯಿತು ಎಂಬುದೂ ತಿಳಿಯುತ್ತದೆ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು.

ಮೊಸರು, ಮಜ್ಜಿಗೆ, ನೀರು ಬಸಿದ ಗಟ್ಟಿ ಮೊಸರು, ಪನೀರ್ ಈ ನಾಲ್ಕರ ಪ್ರೋಟೀನ್ ಲೆಕ್ಕ ಕೇಳುವವರು ನಾಲ್ಕು ಬೇರೆ ಬೇರೆ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಲು ನೋಡುತ್ತಾರೆ. ನನ್ನ ಪ್ರಕಾರ ಅದು ಬೇಡದ ಕಷ್ಟ. ನಾಲ್ಕೂ ಬಂದದ್ದು ಒಂದೇ ಹಾಲಿನಿಂದ. ಹಾಲಿನಲ್ಲಿ ಇಲ್ಲದ ಪ್ರೋಟೀನನ್ನು ಹೆಪ್ಪಾಗಲಿ, ನಿಂಬೆಹಣ್ಣಾಗಲಿ, ಬಟ್ಟೆಯ ಗಂಟಾಗಲಿ ತಂದು ಹಾಕುವುದಿಲ್ಲ. ಒಂದರಲ್ಲಿ ನೀರು ಸೇರಿದೆ, ಎರಡರಲ್ಲಿ ನೀರು ಹೋಗಿದೆ, ಇನ್ನೊಂದರಲ್ಲಿ ಇದ್ದಷ್ಟೇ ಇದೆ. ಎಷ್ಟು ಸೇರಿತು, ಎಷ್ಟು ಹೋಯಿತು ಎಂದು ಗೊತ್ತಾದರೆ ಉಳಿದದ್ದು ಮಗ್ಗಿ ಬಲ್ಲ ಯಾರಾದರೂ ಮಾಡಬಹುದಾದ ಲೆಕ್ಕ.

ಹಾಗಾಗಿ ಒಂದು ಲೀಟರ್ ಟೋನ್ಡ್ ಹಾಲನ್ನು ಹಿಡಿದುಕೊಂಡು ಹೊರಡೋಣ. ಒಂದು ಲೀಟರ್ ಹಾಲು ನೀರಿಗಿಂತ ತುಸು ಭಾರ, 1,030 ಗ್ರಾಂ ತೂಗುತ್ತದೆ. 100 ಗ್ರಾಮಿಗೆ 3.1 ಗ್ರಾಂ ಎಂದು ಹಿಡಿದರೆ ಒಟ್ಟು ಪ್ರೋಟೀನ್ ಸುಮಾರು 32 ಗ್ರಾಂ. ಈ 32 ಎಂಬ ಸಂಖ್ಯೆಯೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಈ ಹಾಲನ್ನು ಕಾಯಿಸಿ, ಬೆಚ್ಚಗಾದಾಗ ಹೆಪ್ಪು ಹಾಕಿ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಹತ್ತಿರ ಹತ್ತಿರ ಅಷ್ಟೇ ತೂಕದ ಮೊಸರು ಸಿಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ತಿನ್ನುವುದು ಹಾಲಿನ ಸಕ್ಕರೆಯನ್ನು. ಅದನ್ನು ಹುಳಿಯಾಗಿ ಬದಲಿಸುತ್ತವೆ, ಹುಳಿ ತಗುಲಿದ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಬಲೆಯಂತಾಗಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ತಟ್ಟೆಯ ಮೇಲೆ ಗಡ್ಡೆಯಾಗಿ ನಿಂತ ಮೊಸರಿನಲ್ಲೂ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ನೀರೇ. ಪ್ರೋಟೀನ್ 32 ಗ್ರಾಂ ಇದ್ದದ್ದು 32 ಗ್ರಾಮೇ ಉಳಿಯಿತು. ಅಳತೆ ಕಪ್ಪನ್ನು 240 ಮಿಲಿಲೀಟರಿನದು ಎಂದು ಇಟ್ಟುಕೊಂಡರೆ, ಅದರ ತುಂಬ ಮೊಸರು ಹಾಕಿದರೆ ಸುಮಾರು 245 ಗ್ರಾಂ ತೂಗುತ್ತದೆ, ಪ್ರೋಟೀನ್ ಏಳೂವರೆ ಗ್ರಾಂ ಸಿಗುತ್ತದೆ. ನಾವು ಊಟಕ್ಕೆ ಕೂರುವಾಗ ಬಳಸುವ ಸ್ಟೀಲ್ ಬಟ್ಟಲು ಇದಕ್ಕಿಂತ ಚಿಕ್ಕದು. 150 ಗ್ರಾಂ ಹಿಡಿಯುವ ಬಟ್ಟಲಾದರೆ ನಾಲ್ಕೂವರೆ ಗ್ರಾಂ.

ಗಟ್ಟಿ ಮೊಸರಿನಲ್ಲಿ ಪ್ರೋಟೀನ್ ಜಾಸ್ತಿ ಇರುತ್ತದೆ ಎಂಬ ನಂಬಿಕೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಒಂದೇ ಹಾಲಿನ ಎರಡು ಪಾತ್ರೆಗಳಲ್ಲಿ ಒಂದು ಗಟ್ಟಿಯಾಗಿ ಹೆಪ್ಪಾಗಿ, ಇನ್ನೊಂದು ಚಳಿಗೆ ನೀರುನೀರಾಗಿ ಉಳಿದರೂ ಎರಡರಲ್ಲೂ ಪ್ರೋಟೀನ್ ಒಂದೇ. ಬಲೆ ಬಿಗಿಯಾಗಿ ಹೆಣೆದಿದೆಯೋ ಸಡಿಲವೋ ಎಂಬುದಷ್ಟೇ ವ್ಯತ್ಯಾಸ. ಆದರೆ ಹೆಪ್ಪು ಹಾಕುವ ಮೊದಲೇ ಹಾಲನ್ನು ಸಣ್ಣ ಉರಿಯಲ್ಲಿ ಬತ್ತಿಸಿದ್ದರೆ ಮಾತು ಬೇರೆ. ಒಂದು ಲೀಟರ್ 800 ಮಿಲಿಲೀಟರಿಗೆ ಇಳಿದಿದ್ದರೆ 3.1 ಇದ್ದದ್ದು 3.9ಕ್ಕೆ ಏರುತ್ತದೆ. ಎಮ್ಮೆ ಹಾಲಿನಲ್ಲಿ ಮೊದಲಿಗೇ ಪ್ರೋಟೀನ್ ಸ್ವಲ್ಪ ಹೆಚ್ಚು. 2017ರಲ್ಲಿ ಪೋಷಣಾ ಸಂಸ್ಥೆ ಹೊರತಂದ ಹೊಸ ಕೋಷ್ಟಕದಲ್ಲಿ ಹಸುವಿನ ಹಾಲಿಗೆ 3.26, ಎಮ್ಮೆ ಹಾಲಿಗೆ 3.68 ಎಂದಿದೆ. ಎಮ್ಮೆ ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಲು ಅದರ ಕೊಬ್ಬೂ ಕಾರಣ. ಗಟ್ಟಿತನ ಕಂಡು ಪ್ರೋಟೀನ್ ಎರಡರಷ್ಟಿದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಇನ್ನು ಮಜ್ಜಿಗೆ. ಇದರ ಬಗ್ಗೆ ಹಿರಿಯರಲ್ಲಿ ಒಂದು ಮಾತಿದೆ, ಬೆಣ್ಣೆ ತೆಗೆದ ಮೇಲೆ ಮಜ್ಜಿಗೆಯಲ್ಲಿ ಸತ್ವ ಏನೂ ಉಳಿಯುವುದಿಲ್ಲ ಎಂದು. ಕೊಬ್ಬನ್ನೇ ಸತ್ವ ಎಂದುಕೊಂಡಿದ್ದ ಕಾಲಕ್ಕೆ ಅದು ಸರಿಯೇ. ಪ್ರೋಟೀನ್ ಮಟ್ಟಿಗೆ ಮಾತ್ರ ಕಡೆಗೋಲು ನಿರಪರಾಧಿ. ಕಡೆದಾಗ ಮೇಲೆ ಬಂದು ಕೂಡುವ ಬೆಣ್ಣೆಯಲ್ಲಿ ಪ್ರೋಟೀನ್ ನೂರಕ್ಕೆ ಒಂದು ಗ್ರಾಂ ಕೂಡ ಇರುವುದಿಲ್ಲ. ಉಳಿದ ಮಜ್ಜಿಗೆಯಲ್ಲೇ ಬಹುತೇಕ ಎಲ್ಲವೂ ನಿಲ್ಲುತ್ತದೆ. ನೀರು ಹಾಕದೆ ಕಡೆದು ಬೆಣ್ಣೆ ತೆಗೆದರೆ ಆ ಮಜ್ಜಿಗೆ ಪ್ರೋಟೀನಿನಲ್ಲಿ ಮೊಸರಿಗೆ ಸಮ. ಅಮೆರಿಕದ ಬಟರ್‌ಮಿಲ್ಕ್‌ನ ಅಂಕಿಯ ಹತ್ತಿರಕ್ಕೇ ಬರುತ್ತದೆ. ಸತ್ವ ಇಳಿಸುವುದು ಆಮೇಲೆ ತಂಬಿಗೆಯಿಂದ ಸುರಿಯುವ ನೀರು.

ಸುರಿಯುವ ಕೈಗೆ ಮಿತಿ ಇಲ್ಲ ಎಂಬುದೇ ಮಜ್ಜಿಗೆಯ ಲೆಕ್ಕದ ತೊಡಕು. ನಮ್ಮ ಒಂದು ಲೀಟರ್ ಹಾಲಿನ ಮೊಸರಿಗೆ ಮೂರು ಲೀಟರ್ ನೀರು ಬೆರೆಸಿದರೆ ನಾಲ್ಕು ಲೀಟರ್ ಮಜ್ಜಿಗೆ, ಒಟ್ಟು ಪ್ರೋಟೀನ್ ಅದೇ 32 ಗ್ರಾಂ, ಕಪ್ಪಿಗೆ 2 ಗ್ರಾಮಿಗೆ ತುಸು ಕಡಿಮೆ. ರಾಮನವಮಿಯಲ್ಲಿ ಪಾನಕದ ಜೊತೆ ಹಂಚುವ ನೀರುಮಜ್ಜಿಗೆಗೆ ಒಂದಕ್ಕೆ ಐದು ನೀರು ಹಾಕುವವರಿದ್ದಾರೆ. ಆಗ ಕಪ್ಪಿಗೆ ಒಂದೂಕಾಲು ಗ್ರಾಂ. ಮನೆಯಲ್ಲಿ ಅನ್ನಕ್ಕೆ ಕಲಸಲು ಒಂದಕ್ಕೆ ಒಂದು ಬೆರೆಸಿದ ಮಂದ ಮಜ್ಜಿಗೆಯಾದರೆ ಕಪ್ಪಿಗೆ ಸುಮಾರು ನಾಲ್ಕು ಗ್ರಾಂ ಬಂದೀತು. ಆದ್ದರಿಂದ ‘ಮಜ್ಜಿಗೆಯಲ್ಲಿ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಪುಸ್ತಕದಲ್ಲಲ್ಲ, ಪಾತ್ರೆಯಲ್ಲಿ. ಎಷ್ಟು ಮೊಸರು ಹಾಕಿದಿರೋ ಅದನ್ನು ಅಳೆಯಿರಿ, ನೀರನ್ನು ಮರೆತುಬಿಡಿ. ನಾಲ್ಕು ದೊಡ್ಡ ಚಮಚ ಮೊಸರು, ಅಂದರೆ ಸುಮಾರು 60 ಗ್ರಾಂ, ಲೋಟದೊಳಗೆ ಹೋಗಿದ್ದರೆ ಆ ಲೋಟ ಎಷ್ಟೇ ದೊಡ್ಡದಿರಲಿ, ಪ್ರೋಟೀನ್ 1.9 ಗ್ರಾಂ. ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆಗೆ ಈ ದಾರಿ ಇಲ್ಲ, ಹಿಂದೆ ಅಚ್ಚಾದ ಪಟ್ಟಿಯನ್ನೇ ನೋಡಬೇಕು. ನೋಡುವಾಗ ಅದು 100 ಮಿಲಿಲೀಟರಿನ ಅಂಕಿಯೋ ಇಡೀ ಪ್ಯಾಕೆಟ್ಟಿನದೋ ಎಂಬುದನ್ನು ಮೊದಲು ಓದಬೇಕು.

ಈಗ ನೀರು ಹೊರಹಾಕುವ ಕಡೆಗೆ ಬರೋಣ. ಹಂಗ್ ಕರ್ಡ್ ಎಂದು ಅಡುಗೆ ವಿಡಿಯೋಗಳಲ್ಲಿ ಹೆಸರಾಗಿರುವ ಈ ಗಟ್ಟಿ ಮೊಸರು ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ಬೆಳಗಾವಿ ಕಡೆ ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ‘ಚಕ್ಕಾ’ ಮಾಡಿಕೊಳ್ಳುವುದು ಹಳೆಯ ರೂಢಿ. ಅಂಟುವ ಹದಕ್ಕೆ ಬಂದ ಆ ಚಕ್ಕಾಕ್ಕೆ ಸಕ್ಕರೆ, ಏಲಕ್ಕಿ ಕಲಸಿ ಜರಡಿಯಲ್ಲಿ ಉಜ್ಜಿದರೆ ಶ್ರೀಖಂಡ. ಈಗ ಸಕ್ಕರೆ ಬಿಟ್ಟು, ಸೌತೆಕಾಯಿ ಮೆಣಸಿನ ಪುಡಿ ಹಾಕಿ ತಿನ್ನುವವರು ಹೆಚ್ಚಾಗಿದ್ದಾರೆ ಅಷ್ಟೆ.

ಇದರ ಪ್ರೋಟೀನ್ ಎಷ್ಟೆಂದು ಹುಡುಕಿದರೆ ಒಬ್ಬರು 5 ಎನ್ನುತ್ತಾರೆ, ಇನ್ನೊಬ್ಬರು 10. ಇಬ್ಬರೂ ಸರಿ ಇರಬಹುದು. ಹೇಗೆಂದು ನೋಡಲು 500 ಗ್ರಾಮಿನ ಮೊಸರಿನ ಪ್ಯಾಕೆಟ್ ಒಂದು, ತೆಳುವಾದ ಹಳೆಯ ಪಂಚೆಯ ತುಂಡು ಒಂದು, ಅಡುಗೆಮನೆಯ ತೂಕದ ಯಂತ್ರ ಒಂದು ಇದ್ದರೆ ಸಾಕು. 500 ಗ್ರಾಂ ಮೊಸರಿನಲ್ಲಿ ಪ್ರೋಟೀನ್ 15.5 ಗ್ರಾಂ. ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಜರಡಿಯ ಮೇಲೆ ಹಾಸಿ, ಮೊಸರು ಸುರಿದು, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನೊಳಗೆ ಇಡಬೇಕು. ಹೊರಗೆ ನಲ್ಲಿಗೆ ಕಟ್ಟಿದರೂ ನೀರು ಇಳಿಯುತ್ತದೆ. ಆದರೆ ನಮ್ಮ ಬೇಸಿಗೆಗೆ ಅದು ಬೆಳಗಾಗುವಷ್ಟರಲ್ಲಿ ಬಾಯಿಗೆ ಇಡಲಾರದಷ್ಟು ಹುಳಿಯಾಗಿರುತ್ತದೆ.

ಎರಡು ಮೂರು ಗಂಟೆಯಲ್ಲಿ ಬಟ್ಟೆಯ ಗಂಟು 300 ಗ್ರಾಮಿಗೆ ಇಳಿಯಿತು ಎನ್ನಿ. 200 ಗ್ರಾಂ ನೀರು ಪಾತ್ರೆಯಲ್ಲಿದೆ. ಆ ನೀರಿನ ಜೊತೆ ಸ್ವಲ್ಪ ಪ್ರೋಟೀನೂ ಹೋಗುತ್ತದೆ, ನೂರಕ್ಕೆ ಅರ್ಧ ಗ್ರಾಮಿಗಿಂತ ತುಸು ಕಡಿಮೆ. 0.4 ಎಂದು ಹಿಡಿದರೆ ಕಳೆದುಕೊಂಡದ್ದು 0.8 ಗ್ರಾಂ. ಉಳಿದ 14.7 ಗ್ರಾಂ ಪ್ರೋಟೀನ್ ಈಗ 300 ಗ್ರಾಮಿನಲ್ಲಿ ಹರಡಿಕೊಂಡಿದೆ, ಅಂದರೆ ನೂರಕ್ಕೆ 4.9. ರಾತ್ರಿಯಿಡೀ ಬಿಟ್ಟರೆ ಗಂಟು 220 ಗ್ರಾಮಿಗೆ ಬರಬಹುದು. ಈಗ 14.4 ಗ್ರಾಂ ಪ್ರೋಟೀನ್, ನೂರಕ್ಕೆ ಆರೂವರೆ. ಗಂಟಿನ ಮೇಲೆ ಚಪಾತಿ ಮಣೆ ಇಟ್ಟು, ಅದರ ಮೇಲೆ ನೀರು ತುಂಬಿದ ಪಾತ್ರೆ ಹೇರಿ 160 ಗ್ರಾಮಿಗೆ ಇಳಿಸಿದರೆ ನೂರಕ್ಕೆ 8.8. ಮೂರು ಸಲವೂ ಬಳಸಿದ್ದು ಅದೇ ಅರ್ಧ ಕಿಲೋ ಮೊಸರು. ಮೂರು ಸಲವೂ ಇಡೀ ಗಂಟನ್ನು ತಿಂದವರಿಗೆ ಸಿಗುವುದು 14 ಗ್ರಾಮಿನ ಆಚೀಚೆ. ‘ನೂರು ಗ್ರಾಮಿಗೆ’ ಎಂಬ ಅಂಕಿ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟಾಯಿತು.

ಬಟ್ಟೆಯಿಂದ ಇಳಿದ ನೀರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಅದು ತಿಳಿಯಾಗಿ, ಹಳದಿಗೆ ಹಸಿರು ಬೆರೆತ ಬಣ್ಣದಲ್ಲಿದ್ದರೆ ಕೆಲಸ ಸರಿಯಾಗಿದೆ. ಆ ಬಣ್ಣ ರೈಬೋಫ್ಲೇವಿನ್ ಎಂಬ ಬಿ ಗುಂಪಿನ ವಿಟಮಿನ್‌ನದು, ನೀರಿನಲ್ಲಿ ಕರಗಿ ಇಳಿದುಬಂದಿರುತ್ತದೆ. ನೀರು ಹಾಲಿನಂತೆ ಬೆಳ್ಳಗಿದ್ದರೆ ಮೊಸರಿನ ಕಣಗಳೇ ಸೋರಿವೆ ಎಂದರ್ಥ, ಮೇಲಿನ 0.4ರ ಲೆಕ್ಕ ಆಗ ಹಿಡಿಯುವುದಿಲ್ಲ. ಬಟ್ಟೆಯ ನೇಯ್ಗೆ ಸಡಿಲವಿದ್ದರೆ ಹೀಗಾಗುತ್ತದೆ, ಮೊದಲ ಹತ್ತು ನಿಮಿಷದಲ್ಲೇ ಅವಸರಪಟ್ಟು ಕೈಯಲ್ಲಿ ಹಿಂಡಿದರೂ ಹೀಗಾಗುತ್ತದೆ. ಬೆಳ್ಳಗೆ ಇಳಿದಷ್ಟನ್ನು ಮತ್ತೆ ಗಂಟಿನೊಳಗೆ ಸುರಿದು, ತನ್ನಷ್ಟಕ್ಕೆ ಬಸಿಯಲು ಬಿಟ್ಟರೆ ಎರಡನೆಯ ಸಲ ಸಾಮಾನ್ಯವಾಗಿ ತಿಳಿಯಾಗಿಯೇ ಬರುತ್ತದೆ.

ಈ ತಿಳಿನೀರಿನ ಬಗ್ಗೆ ಇನ್ನೊಂದು ಮಾತು. ಜಿಮ್ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುವ ‘ವೇ ಪ್ರೋಟೀನ್’ ಡಬ್ಬಿಯ ಹೆಸರು ಕೇಳಿದವರು, ವೇ ಎಂದರೆ ಇದೇ ನೀರಲ್ಲವೇ, ಇದರಲ್ಲೇ ಪ್ರೋಟೀನ್ ತುಂಬಿರಬೇಕು ಎಂದು ಗಟಗಟ ಕುಡಿಯುವುದನ್ನು ಕಂಡಿದ್ದೇನೆ. ಕುಡಿದರೆ ತೊಂದರೆಯಿಲ್ಲ, ನಿರೀಕ್ಷೆ ಮಾತ್ರ ಅತಿಯಾಯಿತು. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೇಸಿನ್, ಹುಳಿ ತಗುಲಿದರೆ ಗಡ್ಡೆಕಟ್ಟುವಂಥದ್ದು. ಉಳಿದ ಇಪ್ಪತ್ತು ಪಾಲು ವೇ ಪ್ರೋಟೀನ್, ಹಸಿ ಹಾಲಿನಲ್ಲಿ ಅದು ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಆದರೆ ನಾವು ಹಾಲನ್ನು ಉಕ್ಕುವವರೆಗೆ ಕಾಯಿಸುವವರು. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ವೇ ಪ್ರೋಟೀನಿನ ಸುರುಳಿ ಬಿಚ್ಚಿಕೊಂಡು ಕೇಸಿನ್ ಕಣಗಳ ಮೈಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಹೆಪ್ಪಾಗುವಾಗ ಅದರ ಬಹುಪಾಲು ಮೊಸರಿನ ಗಡ್ಡೆಯಲ್ಲೇ ಸಿಕ್ಕಿಬೀಳುತ್ತದೆ. ಬಟ್ಟೆಯಿಂದ ಇಳಿದ ನೀರಿನಲ್ಲಿ ಉಳಿಯುವುದು ಹಾಲಿನ ಸಕ್ಕರೆ, ಲವಣ, ಹುಳಿ ಮತ್ತು ಅಳಿದುಳಿದ ಪ್ರೋಟೀನ್. ಡಬ್ಬಿಯ ಪುಡಿ ಬರುವುದು ದೊಡ್ಡ ಚೀಸ್ ಕಾರ್ಖಾನೆಗಳಿಂದ. ಅಲ್ಲಿ ಹಾಲನ್ನು ಇಷ್ಟು ಕಾಯಿಸುವುದಿಲ್ಲ, ಆದ್ದರಿಂದ ವೇ ಪ್ರೋಟೀನ್ ನೀರಿನಲ್ಲೇ ಉಳಿಯುತ್ತದೆ, ಅದನ್ನು ಸೋಸಿ ಒಣಗಿಸಿ ನೂರಾರು ಲೀಟರಿನದನ್ನು ಒಂದು ಡಬ್ಬಿಗೆ ಇಳಿಸುತ್ತಾರೆ. ನಮ್ಮ ಮನೆಯ 280 ಗ್ರಾಂ ಮೊಸರುನೀರಿನಲ್ಲಿ ಸಿಗುವುದು ಒಂದು ಗ್ರಾಂ ಚಿಲ್ಲರೆ. ಚಪಾತಿ ಹಿಟ್ಟು ಕಲಸಲು, ಸಾರಿಗೆ ಹುಳಿ ಸೇರಿಸಲು ಅದು ಚೆನ್ನಾಗಿದೆ.

ಪನೀರ್ ಮಾಡುವಾಗಲೂ ನಡೆಯುವುದು ಇದೇ, ಆದರೆ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ನಿಧಾನವಾಗಿ ಮಾಡುವ ಕೆಲಸವನ್ನು ನಿಂಬೆರಸ ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ಕುದಿ ಬಂದ ಹಾಲಿನ ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ನೀರು ಬೆರೆಸಿದ ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಸೌಟಿನಲ್ಲಿ ಮೆಲ್ಲಗೆ ತಿರುವಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸೌಟಿನ ಬೆನ್ನಿಗೆ ಸಣ್ಣ ಹರಳು ಹರಳಾಗಿ ಅಂಟಿದ್ದು ಕಾಣುತ್ತದೆ. ಇನ್ನೊಂದು ಚಮಚ ಬಿದ್ದದ್ದೇ ತಡ, ಹಾಲು ಒಡೆದು ಬಿಳಿ ಮುದ್ದೆಗಳ ನಡುವೆ ಹಸಿರು ಛಾಯೆಯ ನೀರು ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನೀರು ಇನ್ನೂ ಬೆಳ್ಳಗಿದ್ದರೆ ಹುಳಿ ಸಾಲದು, ಪ್ರೋಟೀನ್ ಇನ್ನೂ ನೀರಿನಲ್ಲಿದೆ, ಈಗ ಸೋಸಿದರೆ ಅದು ಮೋರಿಗೆ ಹೋಗುತ್ತದೆ. ಒಡೆದ ಮೇಲೆ ಮತ್ತೆ ಕುದಿಸಿದರೆ ಪನೀರ್ ರಬ್ಬರಿನಂತಾಗುತ್ತದೆ, ಪ್ರೋಟೀನಿಗೇನೂ ಆಗದಿದ್ದರೂ ಹಲ್ಲಿಗೆ ಕೆಲಸ ಹೆಚ್ಚುತ್ತದೆ.

ನಮ್ಮ ಒಂದು ಲೀಟರ್ ಟೋನ್ಡ್ ಹಾಲಿನಿಂದ ಒತ್ತಿ ತೆಗೆದ ಪನೀರ್ 150ರಿಂದ 160 ಗ್ರಾಂ ಬರುತ್ತದೆ. ಸುಮಾರು 870 ಗ್ರಾಂ ನೀರು ಹೊರಹೋಗಿ ತನ್ನೊಂದಿಗೆ ಮೂರೂವರೆ ಗ್ರಾಂ ಪ್ರೋಟೀನ್ ಒಯ್ದಿದೆ. ಉಳಿದದ್ದು 28 ಗ್ರಾಮಿನಷ್ಟು. ಅದನ್ನು 155ಕ್ಕೆ ಹಂಚಿದರೆ ನೂರಕ್ಕೆ 18 ಚಿಲ್ಲರೆ. ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಪನೀರಿಗೆ ಕೊಡುವ 18.86ಕ್ಕೆ ನಮ್ಮ ಒಲೆಯ ಲೆಕ್ಕ ತೀರಾ ಹತ್ತಿರ ಬಂತು.

ಒಂದು ಕ್ಷಣ ಇಲ್ಲಿ ನಿಂತು ನೋಡಿದರೆ ವಿಚಿತ್ರ ಕಾಣುತ್ತದೆ. ನೂರು ಗ್ರಾಮಿನ ಲೆಕ್ಕದಲ್ಲಿ ಪನೀರ್ ಮೊಸರಿನ ಆರು ಪಟ್ಟು, ಮಜ್ಜಿಗೆಯ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಹಾಲಿನ ಲೆಕ್ಕದಲ್ಲಿ ಪನೀರೇ ಕೊನೆಯ ಸ್ಥಾನ. ಒಂದು ಲೀಟರ್ ಹಾಲು ಕೊಂಡವರು ಅದನ್ನು ಮೊಸರು ಮಾಡಿ ತಿಂದರೆ 32 ಗ್ರಾಂ, ಮಜ್ಜಿಗೆ ಮಾಡಿ ನಾಲ್ಕು ಲೀಟರ್ ಕುಡಿದರೂ 32 ಗ್ರಾಂ, ನೀರು ಬಸಿದರೆ ಹತ್ತಿರ ಹತ್ತಿರ 30, ಪನೀರ್ ಮಾಡಿದರೆ 28. ನೀರು ತೆಗೆದಷ್ಟೂ ಪ್ರೋಟೀನ್ ಒತ್ತಾಗುತ್ತದೆ, ಜೊತೆಗೆ ಚೂರು ಚೂರು ಕಳೆದೂ ಹೋಗುತ್ತದೆ. ಹೊಟ್ಟೆಯ ಜಾಗ ಮಾತ್ರ ಪನೀರಿನ ಪರ. 28 ಗ್ರಾಮಿಗಾಗಿ ಒಂದು ಲೀಟರಿನಷ್ಟು ಮೊಸರು ತಿನ್ನುವವರು ಯಾರು?

ಕಪ್ಪಿನ ಅಳತೆಗೆ ಬಂದಾಗ ಪನೀರಿನದು ಇನ್ನೊಂದು ತಕರಾರು. ಮೊಸರು, ಮಜ್ಜಿಗೆಗಳು ಕಪ್ಪಿನ ಮೂಲೆ ಮೂಲೆ ತುಂಬಿಕೊಳ್ಳುತ್ತವೆ. ಬಸಿದ ಮೊಸರನ್ನೂ ಚಮಚದಲ್ಲಿ ಒತ್ತಿ ತುಂಬಿದರೆ ಸುಮಾರು 245 ಗ್ರಾಂ ಹಿಡಿಯುತ್ತದೆ. ರಾತ್ರಿಯಿಡೀ ಬಸಿದದ್ದಾದರೆ 16 ಗ್ರಾಂ ಪ್ರೋಟೀನ್. ಪನೀರಿನ ತುಂಡುಗಳ ನಡುವೆ ಗಾಳಿ ಕೂರುತ್ತದೆ. ಅರ್ಧ ಇಂಚಿನ ತುಂಡುಗಳನ್ನು ಕಪ್ಪಿಗೆ ಸುರಿದರೆ 130 ಗ್ರಾಮಿನಷ್ಟು, ಪ್ರೋಟೀನ್ 24 ಗ್ರಾಂ. ಅದೇ ಪನೀರನ್ನು ತುರಿದು ಸಡಿಲವಾಗಿ ತುಂಬಿದರೆ 100 ಗ್ರಾಂ ಆಸುಪಾಸು, ಪ್ರೋಟೀನ್ 18. ಪುಡಿಮಾಡಿ ಅಮುಕಿ ತುಂಬಿದರೆ 200 ಗ್ರಾಂ ದಾಟಿ, ಪ್ರೋಟೀನ್ 37ಕ್ಕೂ ಮೇಲೆ. ಕಪ್ ಅದೇ, ಪನೀರ್ ಅದೇ, ಉತ್ತರ ಎರಡು ಪಟ್ಟು ಆಚೀಚೆ. ಹೀಗಾಗಿ ಕುಡಿಯುವುದಕ್ಕೆ ಕಪ್ಪಿನ ಲೆಕ್ಕ ಸರಿ, ಪನೀರಿಗೆ ತೂಕವೇ ಸರಿ. ತೂಕದ ಯಂತ್ರವಿಲ್ಲದ ಮನೆಯಲ್ಲಿ 200 ಗ್ರಾಮಿನ ಪ್ಯಾಕೆಟ್ ತಂದು ಅದನ್ನು ಹತ್ತು ಸಮ ತುಂಡು ಮಾಡಿದರೆ, ಒಂದೊಂದು ತುಂಡೂ 20 ಗ್ರಾಂ, ಒಂದೊಂದರಲ್ಲೂ ಮೂರೂವರೆ ಗ್ರಾಮಿಗೆ ತುಸು ಹೆಚ್ಚು ಪ್ರೋಟೀನ್. ಹೋಟೆಲಿನ ಪಾಲಕ್ ಪನೀರಿನಲ್ಲಿ ನಮ್ಮ ತಟ್ಟೆಗೆ ಬರುವುದು ಇಂಥ ಮೂರು ತುಂಡಿನಷ್ಟು ಎಂದುಕೊಂಡರೆ 11 ಗ್ರಾಂ.

ಇವನ್ನು ಒಂದು ದಿನದ ಅಗತ್ಯದ ಪಕ್ಕ ಇಟ್ಟು ನೋಡಬೇಕಾದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಅಂಕಿ ಇದೆ: ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ. 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಮಧ್ಯಾಹ್ನ ಒಂದು ಬಟ್ಟಲು ಮೊಸರು, ಸಂಜೆ ಒಂದು ಕಪ್ ಮಜ್ಜಿಗೆ ಎಂದರೆ ಅದರಲ್ಲಿ ಆರೂವರೆ ಗ್ರಾಂ ಸಂದಾಯವಾಯಿತು. ಉಳಿದದ್ದು ಬೇಳೆ, ಕಾಳು, ರಾಗಿ, ಮೊಟ್ಟೆ ಮುಂತಾದವುಗಳ ಪಾಲು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಂಕಿ ಅನ್ವಯಿಸದು, ಅವರು ವೈದ್ಯರ ಲೆಕ್ಕವನ್ನೇ ಹಿಡಿಯಬೇಕು.

ಅಂಗಡಿಯ ಪನೀರ್ ಮನೆಯದಕ್ಕಿಂತ ಬಿಳಿ, ನುಣುಪು, ಮೆತ್ತಗೆ. ಅದಕ್ಕೆ ಕಾರಣ ಹೆಚ್ಚು ಕೊಬ್ಬಿನ ಹಾಲು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪನೀರಿನಲ್ಲಿ ನೀರು ನೂರಕ್ಕೆ 60 ಮೀರಬಾರದು, ನೀರು ಬಿಟ್ಟು ಉಳಿದ ಒಣ ಅಂಶದಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ಹಾಲಿನ ಕೊಬ್ಬು ಇರಬೇಕು. ಈ ಎರಡು ಅಂಕಿಯಿಂದಲೇ ಪ್ರೋಟೀನಿನ ಮೇಲ್ಮಿತಿ ಹೊರಬರುತ್ತದೆ. ನೂರು ಗ್ರಾಂ ಪನೀರಿನಲ್ಲಿ ನೀರು 60 ಇದ್ದರೆ ಒಣ ಅಂಶ 40, ಅದರಲ್ಲಿ ಕನಿಷ್ಠ 20 ಕೊಬ್ಬು. ಉಳಿದ 20ರಲ್ಲಿ ಹಾಲಿನ ಸಕ್ಕರೆ, ಲವಣಗಳಿಗೆ ಮೂರು ನಾಲ್ಕು ಗ್ರಾಂ ಬಿಟ್ಟರೆ ಪ್ರೋಟೀನಿಗೆ ಜಾಗ ಇರುವುದು 16, 17 ಗ್ರಾಮಿಗೆ. ನೀರು ಇನ್ನೂ ಕಡಿಮೆ ಇರುವ ಬಿಗಿ ಪನೀರಾದರೆ 19, 20ರವರೆಗೆ ಹೋಗಬಹುದು. ಮಾಮೂಲಿ ಪನೀರಿನ ಪ್ಯಾಕೆಟ್ಟಿನ ಮೇಲೆ 25 ಎಂದು ಬರೆದಿದ್ದರೆ ಅದು ಕೊಬ್ಬು ಕಡಿಮೆ ಮಾಡಿದ್ದೋ, ಬೇರೆ ಪ್ರೋಟೀನ್ ಬೆರೆಸಿದ್ದೋ ಎಂದು ಸಾಮಗ್ರಿಗಳ ಪಟ್ಟಿ ಓದುವುದು ಒಳ್ಳೆಯದು. ಗ್ರೀಕ್ ಯೋಗರ್ಟ್ ಎಂದು ಚಿಕ್ಕ ಡಬ್ಬಿಗಳಲ್ಲಿ ಬರುವುದಕ್ಕೂ ಇದೇ ಪರೀಕ್ಷೆ. ಕೆಲವು ನಿಜಕ್ಕೂ ನೀರು ಬಸಿದವು, ಕೆಲವು ಮೊಸರಿಗೆ ಹಾಲಿನ ಪುಡಿಯನ್ನೋ ಹಾಲಿನ ಪ್ರೋಟೀನಿನ ಪುಡಿಯನ್ನೋ ಸೇರಿಸಿ ಮಂದ ಮಾಡಿದವು. ಎರಡನೆಯದೇನೂ ಮೋಸವಲ್ಲ, ಪಟ್ಟಿಯಲ್ಲಿ ಹೇಳಿದ್ದರೆ ಸಾಕು.

ಬಿಡಿಯಾಗಿ ಕಡಿಮೆ ಬೆಲೆಗೆ ಸಿಗುವ ಪನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಾಲಿನ ಕೊಬ್ಬು ತೆಗೆದು ಅಡುಗೆ ಎಣ್ಣೆ ಸೇರಿಸಿ, ಕೆಲವೊಮ್ಮೆ ಪಿಷ್ಟ ಬೆರೆಸಿ ಪನೀರಿನಂತೆ ಕಾಣುವ ಮುದ್ದೆ ಮಾಡುತ್ತಾರೆ. ಅದನ್ನು ಪನೀರ್ ಎಂದು ಮಾರುವಂತಿಲ್ಲ. ಪಿಷ್ಟ ಇದೆಯೇ ಎಂದು ತಿಳಿಯಲು ಚೂರನ್ನು ನೀರಿನಲ್ಲಿ ಕುದಿಸಿ, ತಣ್ಣಗಾದ ಮೇಲೆ ಔಷಧದಂಗಡಿಯ ಟಿಂಕ್ಚರ್ ಅಯೋಡಿನ್ ಒಂದೆರಡು ತೊಟ್ಟು ಬಿಟ್ಟರೆ ಸಾಕು. ಕಡುನೀಲಿಗೆ ತಿರುಗಿದರೆ ಪಿಷ್ಟ ಇದೆ. ಎಣ್ಣೆ ಸೇರಿದ್ದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ.

ಬೆಲೆ ನ್ಯಾಯವೋ ಅಲ್ಲವೋ ಎಂದು ನೋಡಲೂ ಹಾಲಿನ ಲೆಕ್ಕವೇ ಅನುಕೂಲ. 155 ಗ್ರಾಮಿಗೆ ಒಂದು ಲೀಟರ್ ಎಂದರೆ 200 ಗ್ರಾಂ ಪನೀರಿನ ಹಿಂದೆ 1.3 ಲೀಟರ್ ಟೋನ್ಡ್ ಹಾಲು ಇದೆ. ಎಮ್ಮೆ ಹಾಲಾದರೆ ಒಂದು ಲೀಟರಿನ ಹತ್ತಿರ. ಅಂಗಡಿಯಲ್ಲಿ ನಿಂತು, ಅಷ್ಟು ಹಾಲಿನ ಬೆಲೆಯನ್ನೂ ಪ್ಯಾಕೆಟ್ಟಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚಿಗೆ ಕೊಡುವುದು ಒಡೆಸಿದ, ಒತ್ತಿದ, ತಣ್ಣಗೆ ಇಟ್ಟ ಖರ್ಚಿಗೆ. ಪನೀರಿನ ಬೆಲೆಯೇ ಹಾಲಿನ ಬೆಲೆಗಿಂತ ಕಡಿಮೆ ಬಂದರೆ, ಅದರೊಳಗೆ ಹಾಲು ಎಷ್ಟಿದೆ ಎಂದು ಅಂಗಡಿಯವನನ್ನೇ ಕೇಳಬೇಕಾಗುತ್ತದೆ.